ಮೂರು ಆಸ್ತಿಯ ಬಾಡಿಗೆ ಲೆಕ್ಕ: ಪುಸ್ತಕವೋ, ಶೀಟೋ, ಆ್ಯಪೋ?

ನನ್ನ ಸೋದರತ್ತೆಗೆ ಬಾಡಿಗೆ ಬರುವ ಆಸ್ತಿ ಮೂರಿವೆ. ಶಿವಮೊಗ್ಗದ ವಿನೋಬನಗರದಲ್ಲಿ ಕೆಳಗೊಂದು, ಮಹಡಿಯಲ್ಲೊಂದು ಮನೆ ಇರುವ ಕಟ್ಟಡ, ದುರ್ಗಿಗುಡಿಯಲ್ಲಿ ಒಂದು ಅಂಗಡಿ ಮಳಿಗೆ, ತೀರ್ಥಹಳ್ಳಿಯಲ್ಲಿ ಮಾವನ ಕಾಲದ ಒಂದು ಹೆಂಚಿನ ಮನೆ. ಮಾವ ಹೋದ ಮೇಲೆ ಲೆಕ್ಕವನ್ನೆಲ್ಲ ಅತ್ತೆಯೇ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಾ ಬಂದರು. ಕಳೆದ ವರ್ಷ ಬೇಸಿಗೆಯಲ್ಲಿ ಆಡಿಟರು ಆಸ್ತಿವಾರು 2024-25ರ ಮೊತ್ತ ಕೇಳಿದಾಗ ಆ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಬರೆದಿದ್ದೆಲ್ಲ ಸರಿಯೇ ಇದೆ ಮಾರಾಯ, ಆದ್ರೆ ಕೂಡಿಸಿದಷ್ಟು ಸಲ ಬೇರೆ ಬೇರೆ ಬರ್ತದೆ. ಎಂತ ಮಾಡೋದು?" ಅಂದರು.

ಆ ಪುಸ್ತಕವನ್ನು ಶೀಟಿಗೆ ಇಳಿಸಲು ಎರಡು ಸಂಜೆ ಹಿಡಿಯಿತು. ಅವರು ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ವಿನೋಬನಗರದ ಬಾಡಿಗೆ ಪುಸ್ತಕದ ಪ್ರಕಾರ 2,29,300 ರೂಪಾಯಿ, ನಿಜಕ್ಕೂ 1,97,500. ಅಂಗಡಿಯದ್ದು ಪುಸ್ತಕದಲ್ಲಿ 1,20,000, ನಿಜಕ್ಕೂ 1,44,000. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಯಾವ ಸಾಧನ ಒಳ್ಳೆಯದು ಅನ್ನುವುದಕ್ಕೆ ಮೊದಲು ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು. ಈ ತಪ್ಪುಗಳನ್ನು ಯಾವುದು ತಡೆಯುತ್ತದೋ ಅದೇ ನಮಗೆ ಬೇಕಾದ ಸಾಧನ.

ಮೊದಲನೆಯದು ಬಾಡಿಗೆಯಲ್ಲಿ ಮುರಿದುಕೊಂಡ ಖರ್ಚು. ಜೂನ್‌ನಲ್ಲಿ ವಿನೋಬನಗರದ ಕಟ್ಟಡದ ಮೋಟಾರು ಕೆಟ್ಟಿತ್ತು. ಕೆಳಮನೆಯ ಬಾಡಿಗೆಯವರೇ 3,200 ಕೊಟ್ಟು ರಿಪೇರಿ ಮಾಡಿಸಿ, 9,500 ಬಾಡಿಗೆಯಲ್ಲಿ ಅದನ್ನು ಮುರಿದುಕೊಂಡು ಉಳಿದ 6,300 ಕೊಟ್ಟಿದ್ದರು. ಅತ್ತೆ ಪುಸ್ತಕದಲ್ಲಿ ಬರೆದದ್ದು 6,300. ಕೈಗೆ ಬಂದದ್ದು ಅಷ್ಟೇ ಆದ್ದರಿಂದ ಅವರಿಗೆ ಅದು ಸರಿಯಾಗಿಯೇ ಕಂಡಿತು. ಆದರೆ ಅಲ್ಲಿ ಬಾಡಿಗೆಯೂ ಕಡಿಮೆಯಾಯಿತು, ರಿಪೇರಿಯ ಖರ್ಚೂ ಕಾಣದೆ ಹೋಯಿತು. ಬರೆಯಬೇಕಾದದ್ದು ಎರಡು ಸಾಲು: ಬಾಡಿಗೆ 9,500, ರಿಪೇರಿ 3,200.

ಎರಡನೆಯದು ಅಡ್ವಾನ್ಸ್. ಮಹಡಿ ಮನೆಯವರು ಡಿಸೆಂಬರ್ ಕೊನೆಗೆ ಖಾಲಿ ಮಾಡಿದರು. ಅವರ 40,000 ಅಡ್ವಾನ್ಸ್‌ನಲ್ಲಿ ನವೆಂಬರ್, ಡಿಸೆಂಬರ್ ಬಾಡಿಗೆ 15,000 ವಜಾ ಮಾಡಿಕೊಂಡು 25,000 ವಾಪಸ್ ಕೊಟ್ಟಾಯಿತು. ಜನವರಿ ಖಾಲಿ. ಫೆಬ್ರವರಿಯಿಂದ ಹೊಸಬರು 8,000 ಬಾಡಿಗೆಗೆ, 50,000 ಅಡ್ವಾನ್ಸ್ ಕೊಟ್ಟು ಬಂದರು. ಪುಸ್ತಕದಲ್ಲಿ ಆ 50,000 ಬಂದ ದುಡ್ಡಿನ ಸಾಲಿಗೆ ಸೇರಿತ್ತು, ವಜಾ ಆದ 15,000 ಎಲ್ಲೂ ಇರಲಿಲ್ಲ. ಅಡ್ವಾನ್ಸ್ ನಮ್ಮ ಆದಾಯವಲ್ಲ, ಹಿಂದಿರುಗಿಸಬೇಕಾದ ಸಾಲ. ಆದರೆ ಅದರಲ್ಲಿ ಬಾಡಿಗೆಗೆ ವಜಾ ಮಾಡಿಕೊಂಡ ಭಾಗ ಆ ತಿಂಗಳ ಬಾಡಿಗೆಯೇ, ಕೈಗೆ ನೋಟು ಬರದಿದ್ದರೂ.

ಮೂರನೆಯದು ತಿಂಗಳು. ಅಂಗಡಿಯವರು ಫೆಬ್ರವರಿ, ಮಾರ್ಚ್ ಎರಡೂ ತಿಂಗಳ ಬಾಡಿಗೆಯನ್ನು ಮೇ ತಿಂಗಳಲ್ಲಿ ಒಟ್ಟಿಗೆ ಕೊಟ್ಟರು. ಪುಸ್ತಕದಲ್ಲಿ ಅದು ಹೊಸ ವರ್ಷದ ಪುಟಕ್ಕೆ ಹೋಯಿತು, ಹಳೆ ವರ್ಷದಲ್ಲಿ ಹತ್ತೇ ತಿಂಗಳು ಉಳಿಯಿತು. ಮನೆ ಆಸ್ತಿಯ ಆದಾಯ ತೆರಿಗೆಯಲ್ಲಿ ಬಾಡಿಗೆ ಯಾವ ತಿಂಗಳದ್ದೋ ಆ ವರ್ಷಕ್ಕೇ ಸೇರುತ್ತದೆ, ಕೈಗೆ ಬಂದ ದಿನ ಮುಖ್ಯವಲ್ಲ. ಮನೆ ಕಂದಾಯಕ್ಕೆ ಇದು ತಿರುವುಮುರುವು: ಮಾಲೀಕರು ಅದನ್ನು ನಿಜವಾಗಿ ಕಟ್ಟಿದ ವರ್ಷದಲ್ಲೇ ಕಳೆಯಬೇಕು, ಹಿಂದಿನ ಬಾಕಿಯಾದರೂ ಸರಿ.

ಇನ್ನು ಸಾಧನಗಳ ವಿಷಯ. ನಮ್ಮ ಮುಂದಿದ್ದದ್ದು ನಾಲ್ಕು: ಪುಸ್ತಕ, ಆಸ್ತಿಗೊಂದು ಶೀಟು, ಎಲ್ಲ ಆಸ್ತಿಗೂ ಒಂದೇ ಶೀಟು, ಮೊಬೈಲ್ ಆ್ಯಪ್.

ಪುಸ್ತಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜುಲೈನಲ್ಲಿ ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ, ಪುಸ್ತಕ ಮಾತ್ರ ತೆರೆಯುತ್ತದೆ. ಬಾಡಿಗೆ ಕೊಟ್ಟವರ ಸಹಿಯನ್ನೂ ಅದರಲ್ಲೇ ಹಾಕಿಸಿಕೊಳ್ಳಬಹುದು. ಒಂದೇ ಮನೆ, ಒಬ್ಬರೇ ಬಾಡಿಗೆಯವರು ಇರುವವರು ಬೇರೆ ಏನನ್ನೂ ಹುಡುಕಬೇಕಾಗಿಲ್ಲ. ತೊಂದರೆ ಶುರುವಾಗುವುದು ಎರಡನೆಯ ಆಸ್ತಿಯಿಂದ. ಪುಸ್ತಕದಲ್ಲಿ ದಿನಾಂಕದ ಪ್ರಕಾರ ಬರೆದರೆ ಆಸ್ತಿವಾರು ಮೊತ್ತಕ್ಕೆ ಪುಟಪುಟ ಹೆಕ್ಕಬೇಕು, ಆಸ್ತಿಗೊಂದು ಪುಟ ಬಿಟ್ಟರೆ ಇವತ್ತು ಬಂದ ದುಡ್ಡು ಎಲ್ಲಿ ಬರೆದೆ ಅಂತ ಹುಡುಕಬೇಕು. ಮೇಲಿನ ಮೂರು ತಪ್ಪುಗಳಲ್ಲಿ ಒಂದನ್ನೂ ಪುಸ್ತಕ ತಾನಾಗಿ ತೋರಿಸಿಕೊಡಲಿಲ್ಲ. ಅತ್ತೆಯ ಪುಸ್ತಕಕ್ಕೆ ಈಗಲೂ ಕೆಲಸ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಶೀಟು ಅಂದ ಕೂಡಲೇ ಬಹಳ ಜನ ಮಾಡುವುದು ಆಸ್ತಿಗೊಂದು ಶೀಟು: ಕೆಳಗಿನ ಟ್ಯಾಬ್‌ಗಳಲ್ಲಿ ವಿನೋಬನಗರ, ದುರ್ಗಿಗುಡಿ, ತೀರ್ಥಹಳ್ಳಿ, ಪ್ರತಿಯೊಂದರಲ್ಲೂ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಸಾಲು. ನಾನೂ ಮೊದಲ ಸಂಜೆ ಹೀಗೇ ಶುರು ಮಾಡಿದ್ದೆ. ನೋಡಲು ಚೆಂದ, ಆದರೆ ಜೂನ್ ತಿಂಗಳ ಒಂದೇ ಚೌಕದಲ್ಲಿ 9,500 ಬರೆಯಬೇಕೋ 6,300 ಬರೆಯಬೇಕೋ ಅನ್ನುವ ಪ್ರಶ್ನೆ ಮತ್ತೆ ಎದುರಾಯಿತು. ತಿಂಗಳಿಗೆ ಒಂದೇ ಚೌಕ ಇದ್ದಲ್ಲಿ ಮನುಷ್ಯ ಮುರಿದು ಉಳಿದದ್ದನ್ನೇ ಬರೆಯುತ್ತಾನೆ. ಮುಂದಿನ ಏಪ್ರಿಲ್ ಬಂದಾಗ ಮೂರೂ ಶೀಟನ್ನು ನಕಲು ಮಾಡಿ ಹಳೆಯದನ್ನು ಅಳಿಸಬೇಕು, ಐದು ವರ್ಷಕ್ಕೆ ಹದಿನೈದು ಟ್ಯಾಬು. ತಡವಾಗಿ ಬಂದ ಬಾಡಿಗೆಯನ್ನು ಯಾವ ವರ್ಷದ ಟ್ಯಾಬಿನಲ್ಲಿ ಹಾಕಬೇಕು ಅನ್ನುವುದಂತೂ ಹಾಗೇ ಉಳಿಯುತ್ತದೆ. ಆ ಕೆಲಸವನ್ನು ಅಲ್ಲಿಗೇ ಬಿಟ್ಟೆ.

ಮೊಬೈಲ್ ಆ್ಯಪ್‌ಗಳನ್ನೂ ನೋಡಿದೆವು. ಬಾಡಿಗೆ ಆ್ಯಪ್‌ಗಳ ಬಲ ಬಾಡಿಗೆ ಕೇಳುವುದರಲ್ಲಿದೆ: ತಾರೀಖಿಗೆ ಸರಿಯಾಗಿ ಸಂದೇಶ ಹೋಗುತ್ತದೆ, ರಸೀದಿ ಹೋಗುತ್ತದೆ. ಪಿ.ಜಿ. ನಡೆಸುವವರಿಗೆ, ಇಪ್ಪತ್ತು ಮೂವತ್ತು ರೂಮು ಇರುವವರಿಗೆ ಅದು ನಿಜಕ್ಕೂ ದೊಡ್ಡ ಉಪಕಾರ. ಮೂರು ಆಸ್ತಿಯವರು ಅದನ್ನು ಆರಿಸುವ ಮುಂಚೆ ಮೂರು ವಿಷಯ ನೋಡಿಕೊಳ್ಳಲಿ. ವರ್ಷದ ಮೊತ್ತ ಏಪ್ರಿಲ್‌ನಿಂದ ಮಾರ್ಚ್‌ಗೆ ಬರುತ್ತದೆಯೋ, ಜನವರಿಯಿಂದ ಡಿಸೆಂಬರಿಗೋ? ದುಡ್ಡು ಬಂದ ದಿನ ಬೇರೆ, ಬಾಡಿಗೆಯ ತಿಂಗಳು ಬೇರೆ ಅಂತ ಎರಡನ್ನೂ ಬರೆಯಲು ಜಾಗ ಇದೆಯೋ? ಎಲ್ಲ ಸಾಲುಗಳನ್ನೂ ಯಾವ ಶೀಟಿನಲ್ಲೂ ತೆರೆಯುವ `CSV` ಕಡತವಾಗಿ ಹೊರಗೆ ತೆಗೆಯಬಹುದೋ? ಕೊನೆಯದಕ್ಕೆ ಇಲ್ಲ ಅನ್ನುವ ಉತ್ತರ ಬಂದರೆ ಅದನ್ನು ಬಿಡಿ. ಆ್ಯಪ್ ನಿಂತುಹೋದ ದಿನ ಹಲವು ವರ್ಷದ ಲೆಕ್ಕವೂ ಅದರ ಜೊತೆ ಹೋಗುತ್ತದೆ.

ಟ್ಯಾಲಿ ಬಗ್ಗೆ ಒಂದು ಮಾತು. ಅದರಲ್ಲಿ ಪ್ರತಿ ಆಸ್ತಿಯನ್ನೂ ಒಂದು ಕಾಸ್ಟ್ ಸೆಂಟರ್ ಮಾಡಿಕೊಂಡರೆ ಆಸ್ತಿವಾರು ಮೊತ್ತ ಅಚ್ಚುಕಟ್ಟಾಗಿ ಸಿಗುತ್ತದೆ. ವ್ಯಾಪಾರಕ್ಕೆ ಈಗಾಗಲೇ ಟ್ಯಾಲಿ ಇಟ್ಟುಕೊಂಡು, ಬರೆಯಲು ಒಬ್ಬರು ಗುಮಾಸ್ತರಿದ್ದರೆ ಅದರಲ್ಲೇ ಸೇರಿಸಿ. ಬಾಡಿಗೆಗೋಸ್ಕರವೇ ಅದನ್ನು ಕೊಳ್ಳುವುದು ಬೇಡ.

ನಾವು ಕೊನೆಗೆ ಆರಿಸಿದ್ದು ಗೂಗಲ್ ಶೀಟ್ಸ್‌ನಲ್ಲಿ ಎಲ್ಲ ಆಸ್ತಿಗೂ ಒಂದೇ ಉದ್ದನೆಯ ಪಟ್ಟಿ. ಅದಕ್ಕೆ "ಲೆಕ್ಕ" ಅಂತ ಹೆಸರಿಟ್ಟೆವು. ದುಡ್ಡಿನ ಪ್ರತಿ ಓಡಾಟಕ್ಕೂ ಒಂದು ಸಾಲು. ಎಡದಿಂದ ಕಾಲಂಗಳು ಹೀಗೆ: A ದಿನಾಂಕ, B ಆಸ್ತಿ, C ಭಾಗ, D ಬಾಬ್ತು, E ಯಾವ ತಿಂಗಳದ್ದು, F ಮೊತ್ತ, G ಷರಾ, H ವರ್ಷ.

B ಮತ್ತು C ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ವಿನೋಬನಗರದ್ದು ಒಂದು ಆಸ್ತಿಯೋ ಎರಡೋ? ನಾವು ಕಂದಾಯದ ರಸೀದಿಯನ್ನೇ ಅಳತೆಗೋಲು ಮಾಡಿಕೊಂಡೆವು: ಒಂದು ರಸೀದಿಗೆ ಒಂದು ಆಸ್ತಿ. ಕೆಳಮನೆ, ಮಹಡಿ ಅನ್ನುವುದು C ಕಾಲಂಗೆ ಹೋಯಿತು. ಹೀಗೆ ಮಾಡಿದ್ದರಿಂದ ಕಟ್ಟಡದ ಕಂದಾಯವನ್ನಾಗಲಿ, ಎರಡು ಮನೆಗೂ ಸೇರಿದ ಮೋಟಾರಿನ ಖರ್ಚನ್ನಾಗಲಿ ಅರ್ಧರ್ಧ ಹಂಚುವ ತಲೆನೋವು ಇಲ್ಲ.

D ಕಾಲಂನಲ್ಲಿ ಬಾಬ್ತು ನಾಲ್ಕೇ: ಬಾಡಿಗೆ, ಕಂದಾಯ, ರಿಪೇರಿ, ಇತರೆ ಖರ್ಚು. ಬಾಬ್ತೇ ದುಡ್ಡು ಬಂದದ್ದೋ ಹೋದದ್ದೋ ಹೇಳುವುದರಿಂದ ಮೊತ್ತಕ್ಕೆ ಒಂದೇ ಕಾಲಂ ಸಾಕು. ಮನೆ ಸಾಲ ಇರುವವರು ಬಡ್ಡಿಗೆ ಐದನೆಯ ಬಾಬ್ತು ಸೇರಿಸಲಿ. ಕಂತಿನ ಅಸಲು ಭಾಗವನ್ನು ಅದರಲ್ಲಿ ಬೆರೆಸಬಾರದು, ಬಡ್ಡಿ ಎಷ್ಟು ಅಂತ ಬ್ಯಾಂಕಿನ ಪ್ರಮಾಣಪತ್ರದಲ್ಲಿ ಇರುತ್ತದೆ.

E ಕಾಲಂ ಈ ಶೀಟಿನ ಜೀವ. ಬಾಡಿಗೆಯಾದರೆ ಅದು ಯಾವ ತಿಂಗಳ ಬಾಡಿಗೆಯೋ ಆ ತಿಂಗಳ ಒಂದನೇ ತಾರೀಖು, ಖರ್ಚಾದರೆ ದುಡ್ಡು ಕೊಟ್ಟ ತಿಂಗಳ ಒಂದನೇ ತಾರೀಖು. ಅಂಗಡಿಯವರು ಮೇನಲ್ಲಿ ಕೊಟ್ಟ 24,000 ಹೀಗೆ ಎರಡು ಸಾಲಾಯಿತು. ಎರಡರಲ್ಲೂ A ಕಾಲಂನಲ್ಲಿ ಮೇ ತಿಂಗಳ ದಿನಾಂಕವೇ ಇದೆ, E ಕಾಲಂನಲ್ಲಿ ಒಂದಕ್ಕೆ 01/02/2025, ಇನ್ನೊಂದಕ್ಕೆ 01/03/2025. ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ನೋಡಲು A, ವರ್ಷದ ಮೊತ್ತಕ್ಕೆ E. ಆಡಿಟರು ಲೆಕ್ಕ ಕೇಳುವ ಹೊತ್ತಿಗೂ ಬಾಡಿಗೆ ಬಂದಿರದಿದ್ದರೆ ಅದನ್ನು ಅವರಿಗೆ ಬಾಯಲ್ಲೇ ಬೇರೆಯಾಗಿ ಹೇಳಬೇಕು.

H ಕಾಲಂನಲ್ಲಿ ಏನನ್ನೂ ಕೈಯಾರೆ ಬರೆಯುವುದಿಲ್ಲ. H2 ಚೌಕದಲ್ಲಿ ಹಾಕಿ ಕೆಳಕ್ಕೆ ಎಳೆದ ಈ ಸೂತ್ರ ತಿಂಗಳನ್ನು ಮೂರು ತಿಂಗಳು ಹಿಂದೆ ಸರಿಸಿ ಇಸವಿ ತೆಗೆಯುತ್ತದೆ. ಅದರಿಂದ 2025ರ ಮಾರ್ಚ್ 2024ಕ್ಕೆ ಸೇರುತ್ತದೆ, 2025ರ ಏಪ್ರಿಲ್ 2025ಕ್ಕೆ:

```
=IF(E2="","",YEAR(EDATE(E2,-3)))
```

ಇನ್ನೊಂದು ಶೀಟು "ಮೊತ್ತ". ಅದರ A1 ಚೌಕದಲ್ಲಿ 2024 ಅಂತ ವರ್ಷ, A2ರಿಂದ ಕೆಳಗೆ ಆಸ್ತಿಗಳ ಹೆಸರು, B1ರಿಂದ ಬಲಕ್ಕೆ ನಾಲ್ಕು ಬಾಬ್ತು. B2 ಚೌಕದಲ್ಲಿ ಇದನ್ನು ಹಾಕಿ ಬಲಕ್ಕೂ ಕೆಳಕ್ಕೂ ಎಳೆದರೆ ಎಲ್ಲ ಆಸ್ತಿಯ ವರ್ಷದ ಮೊತ್ತ ತುಂಬಿಕೊಳ್ಳುತ್ತದೆ:

```
=SUMIFS('ಲೆಕ್ಕ'!$F:$F,'ಲೆಕ್ಕ'!$B:$B,$A2,'ಲೆಕ್ಕ'!$D:$D,B$1,'ಲೆಕ್ಕ'!$H:$H,$A$1)
```

ಅಡ್ವಾನ್ಸ್‌ಗೆ ಮೂರನೆಯ ಶೀಟು. ಯಾರದ್ದು, ಯಾವ ದಿನ, ಎಷ್ಟು ಬಂತು, ಎಷ್ಟು ವಜಾ, ಎಷ್ಟು ವಾಪಸ್, ಇನ್ನೆಷ್ಟು ನಮ್ಮ ಹತ್ತಿರ ಇದೆ, ಇಷ್ಟೇ. ವಜಾ ಮಾಡಿಕೊಂಡ ದಿನ ಮಾತ್ರ "ಲೆಕ್ಕ" ಶೀಟಿನಲ್ಲೂ ಬಾಡಿಗೆಯ ಸಾಲು ಬರೆಯಬೇಕು, ಷರಾದಲ್ಲಿ "ಅಡ್ವಾನ್ಸ್‌ನಿಂದ" ಅಂತ. ಭೋಗ್ಯಕ್ಕೆ ಮನೆ ಕೊಟ್ಟವರ ದೊಡ್ಡ ಮೊತ್ತವೂ ಇದೇ ಶೀಟಿಗೆ ಸೇರಬೇಕು, ಬಾಡಿಗೆಯ ಪಟ್ಟಿಗಲ್ಲ.

ಈ ಶೀಟು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಹೇಳಲೇಬೇಕು, ನಮಗೆ ಮೂರೂ ಆದವು.

ಮೊದಲನೆಯದು ಹೆಸರು. ನಾನು "ವಿನೋಬನಗರ" ಅಂತ ಬರೆದಿದ್ದೆ, ಅತ್ತೆಯ ಮಗಳು ಫೋನಿನಲ್ಲಿ "ವಿನೋಬ ನಗರ" ಅಂತ ಬಿಡಿಸಿ ಬರೆದಳು. ಶೀಟಿಗೆ ಅವೆರಡೂ ಬೇರೆ ಊರು. ಕನ್ನಡದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ: "ಔಟ್‌ಹೌಸ್" ಥರದ ಪದದಲ್ಲಿ ಟ ಅಕ್ಷರಕ್ಕೆ ಒತ್ತು ಸೇರದಂತೆ ತಡೆಯುವ ಕಾಣದ ಅಕ್ಷರವೊಂದು ಕೂತಿರುತ್ತದೆ. ಬೇರೆ ಬೇರೆ ಕೀಲಿಮಣೆಯಲ್ಲಿ ಅದು ಬೇರೆ ಬೇರೆ ರೀತಿ ಬೀಳುವುದರಿಂದ, ಕಣ್ಣಿಗೆ ಒಂದೇ ಆಗಿ ಕಂಡರೂ ಕೂಡುವಾಗ ಸೇರುವುದಿಲ್ಲ. ಅದಕ್ಕೇ B, C, D ಮೂರಕ್ಕೂ `Data > Data validation` ಮೂಲಕ ಆರಿಸುವ ಪಟ್ಟಿ ಕಟ್ಟಿದೆವು, ಈಗ ಯಾರೂ ಹೆಸರು ಟೈಪ್ ಮಾಡುವುದಿಲ್ಲ. ತಪ್ಪಿಹೋದ ಸಾಲು ಇದೆಯೋ ಅಂತ ತಿಳಿಯಲು "ಮೊತ್ತ" ಶೀಟಿನ ಕೆಳಗೆ ಈ ಪರೀಕ್ಷೆ ಇದೆ, ಉತ್ತರ ಸೊನ್ನೆ ಬರಬೇಕು. ಬಡ್ಡಿಯ ಬಾಬ್ತು ಸೇರಿಸಿದವರು ಇದರಲ್ಲಿ E4 ಬದಲು F4 ಬರೆಯಲಿ:

```
=SUM(B2:E4)-SUMIFS('ಲೆಕ್ಕ'!$F:$F,'ಲೆಕ್ಕ'!$H:$H,$A$1)
```

ಎರಡನೆಯದು ತಾರೀಖು. ಶೀಟಿನ ದೇಶ ಅಮೆರಿಕ ಅಂತ ಇದ್ದರೆ 01/04/2025 ಅನ್ನುವುದು ಜನವರಿ 4 ಆಗಿಬಿಡುತ್ತದೆ, ಏಪ್ರಿಲ್ ಬಾಡಿಗೆ ಸದ್ದಿಲ್ಲದೆ ಹಿಂದಿನ ವರ್ಷಕ್ಕೆ ಹೋಗಿ ಕೂರುತ್ತದೆ. ಮೊತ್ತದ ಪರೀಕ್ಷೆ ಸೊನ್ನೆಯೇ ತೋರಿಸುವುದರಿಂದ ಇದು ಅಲ್ಲಿ ಸಿಕ್ಕುವುದಿಲ್ಲ. ಶೀಟು ಮಾಡಿದ ದಿನವೇ `File > Settings > Locale` ಒಳಗೆ `India` ಆರಿಸಿ, ಆಮೇಲೆ ತಾರೀಖು ಬರೆಯಿರಿ. ಮೂರನೆಯದು "9,500/-" ಅಂತ ಬರೆಯುವ ಅಭ್ಯಾಸ. ಆ ಗೆರೆ ಬಿದ್ದ ಕೂಡಲೇ ಅದು ಅಂಕಿಯಾಗಿ ಉಳಿಯುವುದಿಲ್ಲ, ಬರಹವಾಗುತ್ತದೆ, ಕೂಡುವಾಗ ಲೆಕ್ಕಕ್ಕೇ ಬರುವುದಿಲ್ಲ. ಗುರುತು ಸುಲಭ: ಅಂಕಿಗಳು ಚೌಕದ ಬಲಕ್ಕೆ ಅಂಟಿರುತ್ತವೆ, ಬರಹ ಎಡಕ್ಕೆ. F ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿದರೆ ಎಡಕ್ಕೆ ಸರಿದದ್ದು ಕಾಣುತ್ತದೆ.

ಇದಲ್ಲದೆ ಎಷ್ಟು ತಿಂಗಳ ಬಾಡಿಗೆ ಸೇರಿದೆ ಅನ್ನುವ ಎಣಿಕೆಯನ್ನೂ "ಮೊತ್ತ" ಶೀಟಿನಲ್ಲೇ ಇಟ್ಟಿದ್ದೇವೆ. ತಾರೀಖಿನ ತಪ್ಪೂ, ಬಾರದ ಬಾಡಿಗೆಯೂ ಎರಡೂ ಇದರಲ್ಲಿ ಸಿಕ್ಕಿಬೀಳುತ್ತವೆ:

```
=COUNTIFS('ಲೆಕ್ಕ'!$C:$C,"ಅಂಗಡಿ",'ಲೆಕ್ಕ'!$D:$D,"ಬಾಡಿಗೆ",'ಲೆಕ್ಕ'!$H:$H,$A$1)
```

ವರ್ಷ ಮುಗಿದ ಮೇಲೆ 12 ಬರಬೇಕು. ಪುಸ್ತಕದಿಂದ ಇಳಿಸಿದ ದಿನ ಅಂಗಡಿಗೆ 10 ಬಂತು, ಆ ಎರಡು ತಿಂಗಳ ಕಥೆ ಗೊತ್ತಾದದ್ದೇ ಆಗ. ಮಹಡಿ ಮನೆಗೆ 11 ಬಂದರೆ ಸರಿ, ಜನವರಿ ಖಾಲಿ ಇತ್ತಲ್ಲ. ಬಾಡಿಗೆಯನ್ನು ಎರಡು ಕಂತಿನಲ್ಲಿ ಕೊಡುವವರಿದ್ದರೆ ಎಣಿಕೆ 12 ದಾಟುತ್ತದೆ, ಅಲ್ಲಿ ಸಾಲುಗಳನ್ನೇ ನೋಡಬೇಕು.

ಎಲ್ಲ ಸರಿಯಾದ ಮೇಲೆ 2024-25ರ ಮೊತ್ತ ಹೀಗೆ ಬಂತು. ವಿನೋಬನಗರ: ಕೆಳಮನೆ 1,14,000, ಮಹಡಿ 83,500, ಒಟ್ಟು ಬಾಡಿಗೆ 1,97,500. ಕಂದಾಯ 6,400, ಮೋಟಾರು 3,200, ಮಹಡಿ ಮನೆ ಬಣ್ಣ 18,000 ಕಳೆದು ಕೈಯಲ್ಲಿ ಉಳಿದದ್ದು 1,69,900. ದುರ್ಗಿಗುಡಿ ಅಂಗಡಿ: ಬಾಡಿಗೆ 1,44,000, ಕಂದಾಯ 5,200, ಶಟರ್ ರಿಪೇರಿ 2,500, ಉಳಿದದ್ದು 1,36,300. ತೀರ್ಥಹಳ್ಳಿ: ಬಾಡಿಗೆ 60,000, ಪಟ್ಟಣ ಪಂಚಾಯಿತಿ ಕಂದಾಯ 1,100, ಮಳೆಗಾಲಕ್ಕೆ ಮುಂಚೆ ಕೊಳೆತ ರೀಪು ಬದಲಿಸಿ ಹೆಂಚು ಕೈಯಾಡಿಸಿದ್ದಕ್ಕೆ 31,000, ಉಳಿದದ್ದು 27,900.

ಅತ್ತೆ ತೀರ್ಥಹಳ್ಳಿಯ ಸಾಲನ್ನು ಬಹಳ ಹೊತ್ತು ನೋಡಿದರು. "ಅರ್ಧಕ್ಕಿಂತ ಜಾಸ್ತಿ ಮಾಡಿಗೇ ಹೋಯ್ತಲ್ಲ. ತೆರಿಗೆಯಲ್ಲಾದ್ರೂ ಬಿಡ್ತಾರೋ?" ಅಂತ ಕೇಳಿದರು.

ಬಿಡುವುದಿಲ್ಲ, ಕನಿಷ್ಠ ಆ ರೀತಿಯಲ್ಲಿ ಬಿಡುವುದಿಲ್ಲ. ಮನೆ ಆಸ್ತಿಯ ಆದಾಯದಲ್ಲಿ ಬಾಡಿಗೆಯಿಂದ ಕಟ್ಟಿದ ಕಂದಾಯ ಕಳೆದು, ಉಳಿದದ್ದರ ಮೇಲೆ 30% ಸಾರಾಸಗಟಾಗಿ ಬಿಡುತ್ತಾರೆ, ಸಾಲದ ಬಡ್ಡಿ ಇದ್ದರೆ ಅದನ್ನು ಬೇರೆ. ರಿಪೇರಿಗೆ ಒಂದು ರೂಪಾಯಿ ಖರ್ಚಾಗದಿದ್ದರೂ ಆ 30% ಸಿಗುತ್ತದೆ, ಮಾಡು ಪೂರ್ತಿ ಬದಲಿಸಿದರೂ ಅಷ್ಟೇ. ತೀರ್ಥಹಳ್ಳಿಗೆ 60,000ದಲ್ಲಿ 1,100 ಕಳೆದರೆ 58,900, ಅದರಲ್ಲಿ 30% ಬಿಟ್ಟು 41,230 ಆದಾಯ ಅಂತ ತೋರಿಸಬೇಕು. ಕೈಯಲ್ಲಿ ಉಳಿದದ್ದು 27,900. ವಿನೋಬನಗರದಲ್ಲಿ ಇದೇ ಲೆಕ್ಕ ತಲೆಕೆಳಗು: ತೋರಿಸಬೇಕಾದದ್ದು 1,33,770, ಉಳಿದದ್ದು 1,69,900.

ಹಾಗಾದರೆ ರಿಪೇರಿ ಬರೆದಿಡುವುದು ಯಾಕೆ ಅಂತ ಕೇಳಬಹುದು. ತೆರಿಗೆಗೆ ಅದು ಬೇಕಾಗಿಲ್ಲ ಅನ್ನುವುದು ನಿಜ, ಆದರೆ ಬಾಡಿಗೆ ಎಷ್ಟಿಡಬೇಕು, ಹೆಂಚು ತೆಗೆದು ತಗಡಿನ ಶೀಟು ಹಾಕಿಸಬೇಕೋ ಅನ್ನುವುದು ಈ ಕಾಲಂ ನೋಡದೆ ತೀರ್ಮಾನ ಆಗುವುದಿಲ್ಲ. ಒಂದು ವರ್ಷದ 31,000 ನೋಡಿ ಗಾಬರಿಯಾಗುವುದೂ ಬೇಡ, ಒಳ್ಳೆ ರೀಪು ಹಾಕಿಸಿದರೆ ಮತ್ತೆ ಹಲವು ಮಳೆಗಾಲ ಕೈಯಾಡಿಸುವ ಖರ್ಚಷ್ಟೇ ಇರುತ್ತದೆ. ಮಲೆನಾಡಿನ ಹೆಂಚಿನ ಮನೆಯ ಲೆಕ್ಕವನ್ನು ನಾಲ್ಕೈದು ವರ್ಷ ಒಟ್ಟಿಗಿಟ್ಟು ನೋಡಬೇಕು. ಒಂದೇ ಪಟ್ಟಿ ಇರುವುದರಿಂದ A1ರಲ್ಲಿ ವರ್ಷ ಬದಲಿಸುತ್ತಾ ಹೋದರೆ ಅದು ಕ್ಷಣದಲ್ಲಿ ಕಾಣುತ್ತದೆ. ಆಸ್ತಿಗೊಂದು ಟ್ಯಾಬಿನ ವ್ಯವಸ್ಥೆಯಲ್ಲಿ ಇದಕ್ಕೂ ಒಂದು ಸಂಜೆ ಬೇಕು.

ಈಗ ನಡೆಯುತ್ತಿರುವ ಕ್ರಮ ಇಷ್ಟು. ದುಡ್ಡು ಬಂದ ದಿನ, ಕೊಟ್ಟ ದಿನ ಅತ್ತೆ ಹಿಂದಿನ ಹಾಗೇ ಪುಸ್ತಕದಲ್ಲಿ ಬರೆಯುತ್ತಾರೆ, ಆದರೆ ಮುರಿದುಕೊಂಡದ್ದಿದ್ದರೆ ಎರಡು ಸಾಲು ಬರೆಯುತ್ತಾರೆ, ಬಾಡಿಗೆಯ ಪಕ್ಕ ತಿಂಗಳ ಹೆಸರು ಹಾಕುತ್ತಾರೆ. ತಿಂಗಳ ಹತ್ತನೇ ತಾರೀಖಿನ ಹೊತ್ತಿಗೆ ಅವರ ಮಗಳು ಅದನ್ನು ನೋಡಿಕೊಂಡು ಶೀಟಿಗೆ ಏರಿಸುತ್ತಾಳೆ, ಆರೇಳು ಸಾಲಿಗೆ ಹತ್ತು ನಿಮಿಷ. ಶೀಟಿನಲ್ಲಿ ಸೇರಿದ ಸಾಲಿಗೆ ಪುಸ್ತಕದಲ್ಲಿ ಕೆಂಪು ಟಿಕ್ ಬೀಳುತ್ತದೆ. ರಸೀದಿಗಳ ಫೋಟೋ ಅದೇ ದಿನ ತೆಗೆದಿಡಬೇಕು, ಮೆಷಿನ್ನಿನಲ್ಲಿ ಬರುವ ನುಣುಪು ಕಾಗದದ ಅಕ್ಷರ ಒಂದೆರಡು ಮಳೆಗಾಲದಲ್ಲಿ ಮಾಸಿಹೋಗುತ್ತದೆ.

ಏಪ್ರಿಲ್‌ನಲ್ಲಿ ಹೊಸ ಕಡತ ತೆರೆಯುವುದಿಲ್ಲ. ಕಂದಾಯವನ್ನು ಆ ತಿಂಗಳೇ ಕಟ್ಟಿ, 5% ರಿಯಾಯಿತಿ ಕಳೆದು ನಿಜವಾಗಿ ಕೊಟ್ಟ ಮೊತ್ತವನ್ನೇ ಬರೆಯುತ್ತಾರೆ. ಹಿಂದಿನ ವರ್ಷದ ಬಾಡಿಗೆ ಬಾಕಿ ಬರುವವರೆಗೆ ಕಾದು, ಎಣಿಕೆ ಸರಿಹೋದ ದಿನ "ಮೊತ್ತ" ಶೀಟನ್ನು ಒಂದು ಪುಟ ಪ್ರಿಂಟ್ ತೆಗೆದು ಕಂದಾಯದ ರಸೀದಿಗಳ ಜೊತೆ ಪಿನ್ ಮಾಡಿ ಆಡಿಟರಿಗೆ ಕೊಡುತ್ತಾರೆ, ಆಮೇಲೆ A1ರಲ್ಲಿ ಮುಂದಿನ ಇಸವಿ ಬರೆಯುತ್ತಾರೆ.